ಕಂಪ್ಯೂಟರ್ ಚಿತ್ರದಲ್ಲಿ ಈಜುಕೊಳದ ನೀರು

ಇನ್ನೂ ಕಟ್ಟದ ಮನೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ರಚಿಸುವಾಗ ಈಜುಕೊಳದ ಮೇಲ್ಮೈಗೆ ನೀಲಿ ಬಣ್ಣ ಬಳಿದರೆ ಅದು ನೀರಿನಂತಲ್ಲ, ನೀಲಿ ಗಾಜಿನ ಹಲಗೆಯಂತೆ ಕಾಣುತ್ತದೆ. ನಿಜವಾದ ನೀರಿನ ಮೇಲ್ಮೈಗೆ ಬಣ್ಣವಿಲ್ಲ. ಬೆಳಕು ನೀರಿನೊಳಗೆ ಸಾಗುವಾಗ ಅದರ ಕೆಂಪು ಅಂಶ ಹೀರಲ್ಪಡುತ್ತದೆ, ಉಳಿದದ್ದು ತಿಳಿನೀಲಿಯಾಗಿ ಕಾಣುತ್ತದೆ. ಒಂದೂವರೆ ಮೀಟರ್ ಆಳದ ಕೊಳದಲ್ಲಿ ಬೆಳಕು ಬಿಳಿ ಟೈಲಿನ ತಳ ಮುಟ್ಟಿ ಮರಳಲು ಸುಮಾರು 3 ಮೀಟರ್ ಸಾಗಬೇಕು. ಅಷ್ಟರಲ್ಲಿ ಕೆಂಪು ಮೂರನೇ ಒಂದು ಭಾಗದಷ್ಟಕ್ಕೆ ಇಳಿದರೆ, ನೀಲಿ ಬಹುತೇಕ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಬಣ್ಣವನ್ನು ನೀರಿನ ಒಡಲಿಗೆ ಕೊಡಬೇಕು. ಬ್ಲೆಂಡರ್ ತಂತ್ರಾಂಶದಲ್ಲಿ ಇದಕ್ಕೆ Volume Absorption ಇದೆ. ಅಳತೆ ಮೀಟರಿನಲ್ಲಿದ್ದಾಗ Density 0.34, ಬಣ್ಣದಲ್ಲಿ ಕೆಂಪು 0, ಹಸಿರು 0.83, ನೀಲಿ 0.97 ಎಂದಿಟ್ಟರೆ ಶುದ್ಧ ನೀರಿಗೆ ಹತ್ತಿರವಾಗುತ್ತದೆ. ಮೆಟ್ಟಿಲುಗಳ ಬಳಿ ನೀರು ತಿಳಿಯಾಗಿ, ಆಳದಲ್ಲಿ ಗಾಢವಾಗಿ ತಾನಾಗಿಯೇ ಕಾಣುತ್ತದೆ.

ಮೇಲ್ಮೈಗೆ Glass BSDF ಕೊಟ್ಟು, ವಕ್ರೀಭವನ ಸೂಚ್ಯಂಕವಾದ IOR ಅನ್ನು 1.33 ಮಾಡಬೇಕು. ಆಗ ನೇರ ಮೇಲಿನಿಂದ ನೋಡಿದರೆ ಒಂದೂವರೆ ಮೀಟರ್ ಆಳದ ತಳ 1.13 ಮೀಟರಿನಲ್ಲಿರುವಂತೆ ತೋರುತ್ತದೆ. ನೀರು ಎಲ್ಲ ಕಡೆ ಮುಚ್ಚಿದ ಘನಾಕೃತಿಯಾಗಿರಬೇಕು, ಅದರ ಅಂಚು ಗೋಡೆಯೊಳಕ್ಕೆ ತುಸು ಹೊಕ್ಕಿರಬೇಕು. ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಅದು ಗಾಳಿಯ ಪದರವಾಗಿ ವರ್ತಿಸುತ್ತದೆ. ಗೋಡೆಯ ಟೈಲು ಕಾಣಬೇಕಾದಲ್ಲಿ ಕನ್ನಡಿಯಂಥ ಹೊಳಪು ಕಂಡರೆ ಈ ಸಂದನ್ನೇ ಹುಡುಕಬೇಕು. ತಳವೆಲ್ಲ ಕಪ್ಪಾಗಿದ್ದರೆ ಕಾರಣ ಬೇರೆ: ತಂತ್ರಾಂಶ ನೀರನ್ನು ಬಿಸಿಲಿಗೆ ಅಡ್ಡ ನಿಂತ ವಸ್ತುವೆಂದು ಎಣಿಸಿದೆ. ನೆರಳಿನ ಲೆಕ್ಕಕ್ಕೆ ಮಾತ್ರ ಮೇಲ್ಮೈಯನ್ನು ಪಾರದರ್ಶಕವಾಗಿಸಿದರೆ ಬೆಳಕು ಒಳಗಿಳಿಯುತ್ತದೆ. ಆದರೆ ತಳದಲ್ಲಿ ಆಡುವ ಬಿಸಿಲಿನ ಬಲೆ ಇದರಿಂದ ಮೂಡುವುದಿಲ್ಲ, ಅದಕ್ಕೆ ಕಾಸ್ಟಿಕ್ಸ್ ಲೆಕ್ಕ ಬೇರೆಯಾಗಿ ಬೇಕು.

ಪ್ರತಿಬಿಂಬದ ಬಲವನ್ನು ನೋಟದ ಓರೆ ನಿರ್ಧರಿಸುತ್ತದೆ. ನೀರಿನಿಂದ 1.6 ಮೀಟರ್ ಎತ್ತರದಲ್ಲಿ ಕ್ಯಾಮೆರಾ ಇದೆ ಎನ್ನೋಣ. 2 ಮೀಟರ್ ದೂರದ ನೀರು ಬೆಳಕಿನ ಶೇಕಡ 4ರಷ್ಟನ್ನು ಮಾತ್ರ ಪ್ರತಿಫಲಿಸುತ್ತದೆ, ಅಲ್ಲಿ ಟೈಲುಗಳು ಸ್ಪಷ್ಟ. 10 ಮೀಟರ್ ದೂರದಲ್ಲಿ ಅದು ಶೇಕಡ 38ಕ್ಕೆ ಏರುತ್ತದೆ, ಅಲ್ಲಿ ಕಟ್ಟಡದ ಬಿಂಬ ಎದ್ದು ಕಾಣುತ್ತದೆ. ಕೊಳವಿಡೀ ಒಂದೇ ಸಮನೆ ಹೊಳೆದರೆ ಎಲ್ಲೋ ತಪ್ಪಾಗಿದೆ ಎಂದೇ ಅರ್ಥ.

ಈ ಬಿಂಬ ಕಟ್ಟಡದ ಚಿತ್ರವನ್ನು ತಲೆಕೆಳಗು ಮಾಡಿ ಅಂಟಿಸಿದಂಥದ್ದಲ್ಲ. ಅದು ಕ್ಯಾಮೆರಾ ನೀರಿನಿಂದ ಅಷ್ಟೇ ಕೆಳಗಿದ್ದು ಮೇಲೆ ನೋಡಿದರೆ ಕಾಣುವ ನೋಟ. ಹಾಗಾಗಿ ಸಜ್ಜಾ ಮತ್ತು ಬಾಲ್ಕನಿಗಳ ಅಡಿಭಾಗ ನೇರ ನೋಟಕ್ಕಿಂತ ಬಿಂಬದಲ್ಲಿ ಹೆಚ್ಚು ಕಾಣುತ್ತದೆ. ಅವನ್ನೂ, ಚೌಕಟ್ಟಿನಾಚೆ ಉಳಿದ ಮೇಲಂತಸ್ತುಗಳನ್ನೂ, ಆಕಾಶವನ್ನೂ ದೃಶ್ಯದಲ್ಲಿ ರಚಿಸಿರಲೇಬೇಕು. ಕೊನೆಗೆ ಮೇಲ್ಮೈಗೆ ಬಹಳ ಸಣ್ಣ ಅಲೆಗಳನ್ನು ಕೊಡಬೇಕು. ಅವುಗಳಿಂದ ಬಿಂಬ ಉದ್ದುದ್ದ ಎಳೆದಂತಾಗಿ ಅಲ್ಲಲ್ಲಿ ಮುರಿಯುತ್ತದೆ. ಕಿಟಕಿ ಕಂಬಗಳ ಗುರುತೇ ಸಿಗದಂತಾದರೆ ಅಲೆಯ ಎತ್ತರ ತಗ್ಗಿಸಬೇಕು.