ಎರಡು ಕ್ಯಾಮೆರಾ, ಒಂದೇ ಮುಖ

ಮದುವೆಯ ವಿಡಿಯೋದಲ್ಲಿ ಇದನ್ನು ನೀವೂ ಗಮನಿಸಿರಬಹುದು. ದೂರದ ನೋಟದಲ್ಲಿ ಎಣ್ಣೆಗೆಂಪಾಗಿದ್ದ ಮದುಮಗಳು ಹತ್ತಿರದ ನೋಟ ಬಂದ ಕೂಡಲೇ ಗುಲಾಬಿಯಾಗುತ್ತಾಳೆ. ಮುಖ ಅದೇ, ದೀಪವೂ ಅದೇ. ಬದಲಾದದ್ದು ಕ್ಯಾಮೆರಾ ಮಾತ್ರ.

ಒಂದು ಸೋನಿ, ಇನ್ನೊಂದು ಕ್ಯಾನನ್ ಎಂದಿಟ್ಟುಕೊಳ್ಳೋಣ. ಸೋನಿಯಲ್ಲಿ ಎಸ್-ಲಾಗ್3 ಎಂಬ ವಿಧಾನದಲ್ಲಿ ಚಿತ್ರಿಸಲಾಗಿದೆ. ಇದು ಬಿಸಿಲು, ನೆರಳು ಎರಡರ ವಿವರವನ್ನೂ ಉಳಿಸಿಕೊಳ್ಳಲು ಬೆಳಕನ್ನು ಹಿಂಡಿ ಇಡುತ್ತದೆ. ಸರಿಯಾದ ಬೆಳಕಿನಲ್ಲಿ ಹಿಡಿದ ಬಿಳಿ ಕಾಗದ ಇಲ್ಲಿ ಸುಮಾರು ಶೇ. 61ರಲ್ಲೇ ನಿಲ್ಲುತ್ತದೆ, ಹಾಗಾಗಿ ಚಿತ್ರ ಮಂಕಾಗಿ, ಒಗೆದು ಬಣ್ಣ ಬಿಟ್ಟ ಬಟ್ಟೆಯಂತೆ ಕಾಣುತ್ತದೆ. ಕ್ಯಾನನ್ ಮಾತ್ರ ಸಾಮಾನ್ಯ ವಿಧಾನದಲ್ಲಿದೆ. ಟಿವಿಗೆ ಬೇಕಾದ ಕಾಂತಿ, ಬಣ್ಣ ಅದರ ಚಿತ್ರದಲ್ಲಿ ಆಗಲೇ ಸೇರಿವೆ.

ಎಡವಟ್ಟು ಆಗುವುದು ಇಲ್ಲೇ. ಸೋನಿಗೆಂದು ಮಾಡಿದ ಲಟ್ಟನ್ನು ಎರಡಕ್ಕೂ ಹಾಕಿಬಿಡುತ್ತಾರೆ. ಲಟ್ ಎಂದರೆ ಬಣ್ಣದ ಮಗ್ಗಿ. ಇಷ್ಟು ಕೆಂಪು, ಇಷ್ಟು ಹಸಿರು, ಇಷ್ಟು ನೀಲಿ ಒಳಗೆ ಬಂದರೆ ಹೊರಗೆ ಇಷ್ಟಿಷ್ಟು ಹೋಗಲಿ ಎಂದು ಮೊದಲೇ ಬರೆದಿಟ್ಟ ಉತ್ತರಗಳ ಪಟ್ಟಿ. ಪ್ರತಿ ಬಣ್ಣಕ್ಕೆ 33 ಮೆಟ್ಟಿಲಿರುವ ಲಟ್‌ನಲ್ಲಿ 35,937 ಉತ್ತರಗಳಿರುತ್ತವೆ, ನಡುವಿನವನ್ನು ಸಾಫ್ಟ್‌ವೇರ್ ಅಂದಾಜಿಸಿ ತುಂಬುತ್ತದೆ. ಆದರೆ ಮುಂದಿರುವುದು ಮುಖವೋ ಗೋಡೆಯೋ, ಯಾವ ಕ್ಯಾಮೆರಾದ ಚಿತ್ರವೋ ಎಂಬುದು ಮಗ್ಗಿಗೆ ಗೊತ್ತಾಗುವುದಿಲ್ಲ. ಆಗಲೇ ಕಾಂತಿ ತುಂಬಿದ ಕ್ಯಾನನ್ ಚಿತ್ರವನ್ನು ಅದು ಮತ್ತೊಮ್ಮೆ ಹಿಗ್ಗಿಸುತ್ತದೆ. ಕೆನ್ನೆ ಕಿತ್ತಳೆಯಾಗುತ್ತದೆ, ಹಣೆಯ ಹೊಳಪು ಬೆಳ್ಳಗೆ ಸುಟ್ಟುಹೋಗುತ್ತದೆ.

ಆದ್ದರಿಂದ ಮೊದಲು ಎರಡನ್ನೂ ಒಂದೇ ನೆಲೆಗೆ ತರಬೇಕು. ಡಾವಿಂಚಿ ರಿಸಾಲ್ವ್‌ನಲ್ಲಾದರೆ ಸೋನಿ ತುಣುಕಿಗೆ ಮಾತ್ರ Color Space Transform ಹಾಕಿ, ಒಳಬರುವುದು S-Log3, ಹೊರಹೋಗುವುದು Rec.709 ಎಂದು ತಿಳಿಸಿದರೆ ಆಯಿತು. ಆಮೇಲೆ ಕ್ಯಾನನ್ ಚಿತ್ರವನ್ನೇ ಮಾದರಿಯಾಗಿಟ್ಟುಕೊಂಡು ಸೋನಿಯನ್ನು ಅದರತ್ತ ತರುವುದು ಜಾಣತನ. ಲಾಗ್ ಚಿತ್ರ ಎಳೆದತ್ತ ಬರುತ್ತದೆ. ಸಾಮಾನ್ಯ ವಿಧಾನದ ಚಿತ್ರವನ್ನು ಹೆಚ್ಚು ಎಳೆದರೆ ಹರಿಯುತ್ತದೆ.

ಹೊಂದಿಸುವಾಗ ಬೆಳಕು ಮೊದಲು, ಬಣ್ಣ ಆಮೇಲೆ. ಒಂದೇ ಕ್ಷಣದ ಎರಡು ಚೌಕಟ್ಟುಗಳನ್ನು ಅಕ್ಕಪಕ್ಕ ಇಟ್ಟು, ವೇವ್‌ಫಾರ್ಮ್‌ನಲ್ಲಿ ಅದೇ ಕೆನ್ನೆ ಎರಡರಲ್ಲೂ ಒಂದೇ ಎತ್ತರಕ್ಕೆ ಬರುವಂತೆ ಮಾಡಬೇಕು. ಬೆಳಕು ಒಂದಾದರೆ ಬಣ್ಣದ ಜಗಳ ಅರ್ಧ ತಾನೇ ತೀರಿರುತ್ತದೆ. ಬಿಳಿಯ ಸಮತೋಲಕ್ಕೆ ವರನ ರೇಷ್ಮೆ ಪಂಚೆಯನ್ನು ನಂಬಬಾರದು, ಅದು ಕೆನೆಬಣ್ಣ. ಶೂಟಿಂಗ್‌ಗೆ ಮುಂಚೆ ಎರಡೂ ಕ್ಯಾಮೆರಾಗಳಿಗೆ ಒಂದು ಬೂದು ಕಾರ್ಡ್ ತೋರಿಸಿದ್ದರೆ, ಅದರ ಮೇಲೆ ಕೆಂಪು, ಹಸಿರು, ನೀಲಿ ಮೂರೂ ಸಮವಾಗುವಂತೆ ಮಾಡಿದರೆ ಸಾಕು.

ಇನ್ನು ಚರ್ಮ. ವೆಕ್ಟರ್‌ಸ್ಕೋಪ್‌ನಲ್ಲಿ ಗಡಿಯಾರದ ಹನ್ನೊಂದರ ದಿಕ್ಕಿಗೆ ಒಂದು ಗೆರೆ ಎಳೆದಿರುತ್ತದೆ. ಕಪ್ಪಗಿರಲಿ, ಬೆಳ್ಳಗಿರಲಿ, ಮನುಷ್ಯರ ಚರ್ಮವೆಲ್ಲ ಹೆಚ್ಚುಕಡಿಮೆ ಆ ಗೆರೆಯ ಆಸುಪಾಸಿನಲ್ಲೇ ಬೀಳುತ್ತದೆ, ಏಕೆಂದರೆ ಎಲ್ಲರ ಚರ್ಮಕ್ಕೂ ಬಣ್ಣ ಕೊಡುವುದು ಅದೇ ರಕ್ತ, ಅದೇ ಮೆಲನಿನ್. ಹೆಚ್ಚಾಗಿ ಬದಲಾಗುವುದು ಗಾಢತೆ ಮತ್ತು ಬೆಳಕು. ಹಿನ್ನೆಲೆಯನ್ನು ಮರೆಮಾಡಿ ಮುಖವನ್ನಷ್ಟೇ ಸ್ಕೋಪ್‌ಗೆ ತೋರಿಸಿದರೆ, ಯಾವ ಕ್ಯಾಮೆರಾ ಹಳದಿಗೆ ವಾಲಿದೆ, ಯಾವುದು ಕೆಂಪಿಗೆ ವಾಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ.

ಇಷ್ಟಾದ ಮೇಲಷ್ಟೇ ಸಿನಿಮಾ ಕಳೆ ಕೊಡುವ ಲಟ್‌ನ ಸರದಿ. ಬಹಳ ಜನ ಬಳಸುವ ಲಟ್ ನೆರಳಿಗೆ ನೀಲಿಹಸಿರು, ಬೆಳಕಿಗೆ ಕಿತ್ತಳೆ ಬಳಿಯುವಂಥದ್ದು. ಕಪ್ಪು ಮೈಬಣ್ಣದವರ ಮುಖ ಮಂಟಪದ ಮಬ್ಬಿನಲ್ಲಿದ್ದರೆ ಲಟ್ ಅದನ್ನು ನೆರಳೆಂದೇ ಲೆಕ್ಕ ಹಾಕುತ್ತದೆ. ಆಗ ದವಡೆಯ ಅಂಚು, ಕಣ್ಣಿನ ಕೆಳಭಾಗ ಬೂದಿ ಬಳಿದಂತೆ ಹಸಿರಾಗುತ್ತವೆ. ಇದನ್ನು ಲಟ್‌ನ ನಂತರ ಕೆಂಪು ಸೇರಿಸಿ ತಿದ್ದಲು ಹೋದರೆ ಹಣೆಯೂ ಕೆಂಪಾಗುತ್ತದೆ. ಲಟ್‌ಗಿಂತ ಮುಂಚಿನ ನೋಡ್‌ನಲ್ಲಿ ಮುಖದ ಬೆಳಕನ್ನು ತುಸು ಏರಿಸಿದರೆ, ಆ ಮುಖ ಮಗ್ಗಿಯ ನೆರಳಿನ ಸಾಲಿನಿಂದ ಆಚೆ ಬರುತ್ತದೆ. ಲಟ್ ಇರುವ ನೋಡ್‌ನ Key Output ಅನ್ನು 1ರಿಂದ 0.5ಕ್ಕೆ ಇಳಿಸಿದರೆ ಅದರ ಬಿರುಸೂ ಅರ್ಧವಾಗುತ್ತದೆ.

ಗೆರೆಯನ್ನು ಮರೆಯಬೇಕಾದ ಒಂದು ಹೊತ್ತೂ ಮದುವೆಮನೆಯಲ್ಲಿದೆ: ಅರಿಶಿನ ಶಾಸ್ತ್ರ. ಆಗ ಕ್ಯಾಮೆರಾಗೆ ಕಾಣುವುದು ಚರ್ಮವಲ್ಲ, ಅದರ ಮೇಲಿನ ಅರಿಶಿನ. ಮದುಮಗಳ ಮುಖ ಸ್ಕೋಪ್‌ನಲ್ಲಿ ಹಳದಿಯತ್ತ ಸರಿದೇ ಸರಿಯುತ್ತದೆ. ಅದನ್ನು ಎಳೆದು ಗೆರೆಗೆ ಕೂರಿಸಿದರೆ ಅರಿಶಿನವೇ ಮಾಯವಾಗಿ, ಪಕ್ಕದಲ್ಲಿರುವವರೆಲ್ಲ ನೇರಳೆಗೆ ತಿರುಗುತ್ತಾರೆ. ಅಂಥ ದೃಶ್ಯದಲ್ಲಿ ಅರಿಶಿನ ಹತ್ತದ ಮುಖವೊಂದನ್ನು, ಆರತಿ ಹಿಡಿದು ನಿಂತ ಸೋದರತ್ತೆಯನ್ನೋ ಅಮ್ಮನನ್ನೋ, ಗೆರೆಗೆ ಹೊಂದಿಸಿ ಮದುಮಗಳನ್ನು ಹಳದಿಯಾಗಿಯೇ ಬಿಡಬೇಕು.