ರೆಪೊ ದರ ಅಗಸೂರಿಗೆ ಬರುವ ದಾರಿ

ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಬೇಕಾದಾಗ ಭಾರತೀಯ ರಿಸರ್ವ್ ಬ್ಯಾಂಕು ಕೊಡುವ ಸಾಲದ ಬಡ್ಡಿಗೆ ರೆಪೊ ದರ ಎನ್ನುತ್ತಾರೆ. 2022ರ ಏಪ್ರಿಲಿನಲ್ಲಿ ಹಣದುಬ್ಬರ ಶೇ. 7.79ಕ್ಕೆ ಏರಿತ್ತು. ಆಗ ಶೇ. 4ರಷ್ಟಿದ್ದ ರೆಪೊ ದರವನ್ನು ಮೇ 4ರಿಂದ ಹಂತಹಂತವಾಗಿ ಏರಿಸಿ, 2023ರ ಫೆಬ್ರವರಿ ಹೊತ್ತಿಗೆ ಶೇ. 6.5ಕ್ಕೆ ತಂದರು. ಈ ಏರಿಕೆ ಅಂಕೋಲಾ ತಾಲ್ಲೂಕಿನ ಅಗಸೂರನ್ನು ತಲುಪುವುದು ಮುಖ್ಯವಾಗಿ ಮನೆ ಸಾಲದ ಮೂಲಕ. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಬದಲಾಗುವ ಬಡ್ಡಿಯ ಹೊಸ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ದರವೊಂದಕ್ಕೆ ಜೋಡಿಸಲೇಬೇಕು. ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿಯನ್ನು ಮರುಹೊಂದಿಸಬೇಕು. ಅಲ್ಲಿನ ಒಂದು ಕುಟುಂಬ ಶೇ. 7ರ ಬಡ್ಡಿಗೆ 20 ವರ್ಷದ ಅವಧಿಗೆ 20 ಲಕ್ಷ ರೂಪಾಯಿ ಪಡೆದಿದೆ ಎಂದುಕೊಳ್ಳೋಣ. ತಿಂಗಳ ಕಂತು ಸುಮಾರು 15,500 ರೂಪಾಯಿ. ಬಡ್ಡಿ ಶೇ. 9.5 ಆದರೆ ಅದೇ ಸಾಲಕ್ಕೆ ಕಂತು ಸುಮಾರು 18,650. ಕಂತು ಏರಿಸದೆ ಅವಧಿ ಹಿಗ್ಗಿಸಬಹುದಲ್ಲ ಎನ್ನಬಹುದು. ಆದರೆ ಸಾಲ ಹೊಸದಾಗಿದ್ದರೆ ಬಡ್ಡಿಯೊಂದೇ ಹಳೆಯ ಕಂತನ್ನು ಹೆಚ್ಚುಕಡಿಮೆ ಪೂರ್ತಿ ನುಂಗುತ್ತದೆ, ಅಸಲು ಕರಗುವುದೇ ಇಲ್ಲ. ಹೀಗಾಗಿ ಕೊನೆಗೆ ತಿಂಗಳಿಗೆ ಮೂರು ಸಾವಿರ ಬೇರೆ ಖರ್ಚಿನಿಂದ ಕಡಿತವಾಗಲೇಬೇಕು. ಇನ್ನೂ ಸಾಲ ಮಾಡದವರು ಮನೆ ಕಟ್ಟುವುದನ್ನು ಮುಂದೂಡುತ್ತಾರೆ. ನನ್ನ ಮಟ್ಟಿಗೆ ಇದೇ ದೊಡ್ಡ ಪರಿಣಾಮ: ಚಿರೆಕಲ್ಲು, ಸಿಮೆಂಟು, ಮೇಸ್ತ್ರಿಯ ಕೂಲಿ, ಸಾಗಣೆ ಎಲ್ಲಕ್ಕೂ ಬೇಡಿಕೆ ಒಟ್ಟಿಗೇ ಇಳಿಯುತ್ತದೆ, ಮಾರುವವರಿಗೆ ಬೆಲೆ ಏರಿಸುವ ಧೈರ್ಯ ಉಳಿಯುವುದಿಲ್ಲ.

ಬಡ್ಡಿ ಏರಿಸಿದರೆ ಟೊಮೆಟೊ ಹೆಚ್ಚು ಬೆಳೆಯುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದು. 2023ರ ಜುಲೈನಲ್ಲಿ ರೆಪೊ ಶೇ. 6.5ರಲ್ಲೇ ಇದ್ದರೂ, ಮುಖ್ಯವಾಗಿ ಟೊಮೆಟೊ ಮತ್ತಿತರ ತರಕಾರಿಗಳಿಂದ ಹಣದುಬ್ಬರ ಶೇ. 7.44ಕ್ಕೆ ಜಿಗಿಯಿತು. ಜೂನ್–ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಕಾರವಾರದ ಪೇಟೆಯಲ್ಲಿ ಏರುವ ಮೀನಿನ ದರಕ್ಕೂ ರೆಪೊ ಮದ್ದಲ್ಲ. ಬಡ್ಡಿ ತಡೆಯುವುದು ಎರಡನೆಯ ಸುತ್ತನ್ನು: ತರಕಾರಿ ದುಬಾರಿಯಾಯಿತೆಂದು ಕೂಲಿ, ಕೂಲಿ ಏರಿತೆಂದು ಬಾಡಿಗೆ, ರಿಪೇರಿ, ಊಟದ ದರ ಏರುವ ಸರಪಳಿಯನ್ನು. ಕೊಳ್ಳುವವರ ಕೈ ಬಿಗಿಯಾಗಿದ್ದರೆ ಅದು ಮುಂದೆ ಸಾಗುವುದು ಕಷ್ಟ.

ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ಒಪ್ಪಬೇಕು. ಸಹಕಾರಿ ಸಂಘದ ಶೂನ್ಯ ಬಡ್ಡಿಯ ಬೆಳೆ ಸಾಲದಲ್ಲಿ ಬಡ್ಡಿಯನ್ನು ಸರ್ಕಾರ ಭರಿಸುವುದರಿಂದ ರೆಪೊ ಏರಿದ್ದು ರೈತನಿಗೆ ತಟ್ಟುವುದಿಲ್ಲ. ಠೇವಣಿ ಇಟ್ಟವರಿಗೆ ಲಾಭವೇ ಆಗುತ್ತದೆ. ಪೆಟ್ಟು ಬೀಳುವುದು ಕಂತು ಕಟ್ಟುವವರಿಗೆ, ಅವರ ಕೆಲಸ ನಂಬಿದ ಮೇಸ್ತ್ರಿಗಳಿಗೆ. ಆಹಾರ, ಇಂಧನ ಬಿಟ್ಟು ಲೆಕ್ಕ ಹಾಕಿದ ಹಣದುಬ್ಬರ 2022ರಲ್ಲಿ ಶೇ. 6ರ ಆಸುಪಾಸಿನಲ್ಲಿತ್ತು, 2024ರ ಆರಂಭದಲ್ಲಿ ಶೇ. 4ಕ್ಕಿಂತ ಕೆಳಗಿಳಿಯಿತು. ಅಷ್ಟರಲ್ಲಿ ಜಗತ್ತಿನಲ್ಲಿ ಕಚ್ಚಾವಸ್ತುಗಳ ಬೆಲೆಯೂ ತಗ್ಗಿದ್ದರಿಂದ ಇಳಿಕೆಯ ಶ್ರೇಯಸ್ಸನ್ನೆಲ್ಲ ರೆಪೊಗೇ ಕೊಡಲಾಗದು. ಆದರೂ ತರಕಾರಿ ಬೆಲೆ ಜಿಗಿದ ವರ್ಷದಲ್ಲೇ ಉಳಿದವುಗಳ ಏರಿಕೆ ನಿಧಾನವಾದದ್ದರಲ್ಲಿ ಬಡ್ಡಿಯ ಪಾಲಿದೆ ಎನ್ನಲು ಸಾಕಷ್ಟು ಕಾರಣವಿದೆ.