ಸ್ವಪರಿಚಯದ ಏಳು ವಾಕ್ಯಗಳು: ಆರಂಭ ಹಂತದ ಜರ್ಮನ್ ಮೌಖಿಕ ಪರೀಕ್ಷೆಯಲ್ಲಿ ಕನ್ನಡ ಭಾಷಿಕರ ದೋಷಮೂಲಗಳು

ಗಯಟೆ ಸಂಸ್ಥೆಯ ಎ1 ಹಂತದ ಪರೀಕ್ಷೆ ಬೆಂಗಳೂರಿನಲ್ಲಿ ನಡೆಯುವುದು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ. ಜರ್ಮನಿಯಲ್ಲಿರುವ ಸಂಗಾತಿಯನ್ನು ಸೇರಲು ಬಯಸುವವರು ಸಾಮಾನ್ಯವಾಗಿ ಈ ಮಟ್ಟದ ಭಾಷಾಜ್ಞಾನವನ್ನು ತೋರಿಸಬೇಕೆಂಬ ನಿಯಮವನ್ನು ಆ ದೇಶ 2007ರಲ್ಲಿ ತಂದಿತು. ಆದ್ದರಿಂದ ಜಯನಗರದಿಂದ ಅಲ್ಲಿಗೆ ಹೋಗುವ ಅಭ್ಯರ್ಥಿಯೊಬ್ಬಳ ಕೆಲವು ಚಿಕ್ಕ ವಾಕ್ಯಗಳ ಮೇಲೆ ಒಂದು ಕುಟುಂಬ ಒಂದಾಗುವುದು ನಿಂತಿರಬಹುದು. ಆ ವಾಕ್ಯಗಳಲ್ಲಿ ತಪ್ಪುಗಳು ಎಲ್ಲಿಂದ ಬರುತ್ತವೆ ಎಂಬುದು ಈ ಲೇಖನದ ವಿಷಯ.

ಮೌಖಿಕ ಪರೀಕ್ಷೆಯು ಸುಮಾರು 15 ನಿಮಿಷಗಳದು; ನಾಲ್ವರವರೆಗೆ ಒಟ್ಟಿಗೆ ಕೂರುತ್ತಾರೆ. ಮೊದಲ ಭಾಗ ಸ್ವಪರಿಚಯ. ಚೀಟಿಯಲ್ಲಿ ಏಳು ಸೂಚನಾಪದಗಳಿರುತ್ತವೆ: ಹೆಸರು, ವಯಸ್ಸು, ದೇಶ, ವಾಸಸ್ಥಳ, ಭಾಷೆಗಳು, ಉದ್ಯೋಗ, ಹವ್ಯಾಸ. ಕುಟುಂಬದ ವಿಷಯವನ್ನು ಅಭ್ಯರ್ಥಿಗಳು ತಾವಾಗಿಯೇ ಸೇರಿಸುವುದುಂಟು. ಆಮೇಲೆ ಪರೀಕ್ಷಕರು ಒಂದು ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳಲೂ, ಒಂದು ಸಂಖ್ಯೆಯನ್ನು ಹೇಳಲೂ ಕೇಳುತ್ತಾರೆ.

ಮೂವತ್ತನಾಲ್ಕು ವರ್ಷದ ಶಿಕ್ಷಕಿಯೊಬ್ಬಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉದ್ಯೋಗದ ಬಗ್ಗೆ ಅವಳು ‘ಇಶ್ ಬಿನ್ ಐನೆ ಲೇರರಿನ್’ ಎನ್ನುತ್ತಾಳೆ. ಇಲ್ಲಿ ‘ಐನೆ’ ಎಂಬ ಗುಣಕ ಬೇಡ. ‘ಇಶ್ ಬಿನ್ ಲೇರರಿನ್’ ಎಂಬುದೇ ವಾಡಿಕೆಯ ರೂಪ. ‘ನಾನು ಶಿಕ್ಷಕಿ’ ಎಂಬ ಕನ್ನಡ ವಾಕ್ಯದಲ್ಲಿಯೂ ಅಂಥ ಗುಣಕವಿಲ್ಲ, ಶಿಕ್ಷಕ–ಶಿಕ್ಷಕಿ ಎಂಬಂತೆ ಜರ್ಮನ್‌ನಲ್ಲಿಯೂ ಲೇರರ್–ಲೇರರಿನ್ ಎಂಬ ಲಿಂಗಭೇದವಿದೆ. ಕನ್ನಡಕ್ಕೆ ಹೆಚ್ಚಾಗಿ ಬೇಕಾದದ್ದು ‘ಬಿನ್’ ಎಂಬ ಕ್ರಿಯಾಪದ ಮಾತ್ರ. ಹಾಗಾದರೆ ‘ಐನೆ’ ಬಂದದ್ದು ಮಾತೃಭಾಷೆಯಿಂದಲ್ಲ. ಕಲಿಕೆಯ ಮಾಧ್ಯಮವಾದ ಇಂಗ್ಲಿಷಿನಿಂದ. ಈ ದೋಷ ಅರ್ಥವನ್ನು ಕೆಡಿಸುವುದಿಲ್ಲ.

ಕುಟುಂಬದ ವಾಕ್ಯದಲ್ಲಿ ದೋಷ ಇನ್ನಷ್ಟು ಆಳದ್ದು. ‘ನನಗೆ ಒಬ್ಬ ತಮ್ಮ ಇದ್ದಾನೆ’ ಎಂಬಲ್ಲಿ ಒಡೆತನವುಳ್ಳ ವ್ಯಕ್ತಿ ಚತುರ್ಥಿಯಲ್ಲಿದ್ದು, ‘ತಮ್ಮ’ ಪ್ರಥಮೆಯಲ್ಲಿದೆ. ಕ್ರಿಯಾಪದವೂ ಅವನನ್ನೇ ಅನುಸರಿಸುತ್ತದೆ. ಜರ್ಮನ್‌ನಲ್ಲಿ ‘ನಾನು’ ಕರ್ತೃ, ತಮ್ಮ ಕರ್ಮ: ‘ಇಶ್ ಹಾಬೆ ಐನೆನ್ ಬ್ರೂಡರ್’. ಕಲಿಯುವವರು ‘ಐನೆನ್’ ಬದಲು ‘ಐನ್’ ಎನ್ನುತ್ತಾರೆ. ಕರ್ಮಕ್ಕೆ ಗುರುತು ಬೇಕೆಂದು ಕನ್ನಡದ ಈ ರಚನೆ ಹೇಳುವುದಿಲ್ಲ, ಇಂಗ್ಲಿಷೂ ಹೇಳುವುದಿಲ್ಲ. ‘ಐನೆ ಶ್ವೆಸ್ಟರ್’ (ಒಬ್ಬ ಸೋದರಿ), ‘ಐನ್ ಕಿಂಟ್’ (ಒಂದು ಮಗು) ಎಂಬಲ್ಲಿ ಪ್ರಥಮೆಗೂ ದ್ವಿತೀಯೆಗೂ ಒಂದೇ ರೂಪವಿರುವುದರಿಂದ ದೋಷ ಅಡಗಿಯೇ ಉಳಿಯುತ್ತದೆ. ಸೋದರಿಯ ಬಗ್ಗೆ ಸರಿಯಾಗಿ ಹೇಳಿದವಳು ವಿಭಕ್ತಿಯನ್ನು ಕಲಿತಿದ್ದಾಳೆಯೇ ಎಂದು ತಿಳಿಯಬೇಕಾದರೆ ತಮ್ಮನನ್ನೋ ಮಗನನ್ನೋ ಕುರಿತು ಕೇಳಬೇಕು. ಪುಲ್ಲಿಂಗ ನಾಮಪದವೊಂದೇ ಇಲ್ಲಿ ಒರೆಗಲ್ಲು.

ಹವ್ಯಾಸದ ವಾಕ್ಯ ‘ಇಶ್’ ಎಂದು ಆರಂಭವಾದರೆ ತೊಡಕಿಲ್ಲ. ‘ಭಾನುವಾರ ನಾನು ಹಾಡುತ್ತೇನೆ’ ಎಂಬ ಕ್ರಮದಲ್ಲಿ ದಿನವನ್ನು ಮೊದಲಿಟ್ಟರೆ ಮಾತ್ರ ಪೆಟ್ಟು: ಜರ್ಮನ್‌ನಲ್ಲಿ ಕ್ರಿಯಾಪದ ಎರಡನೆಯ ಸ್ಥಾನವನ್ನು ಬಿಟ್ಟುಕೊಡದ ಕಾರಣ ‘ಆಮ್ ಜೊಂಟಾಗ್ ಜಿಂಗೆ ಇಶ್’ ಎನ್ನಬೇಕು.

ಈ ತನಕದ ದೋಷಗಳಿದ್ದರೂ ಮಾತು ಅರ್ಥವಾಗುತ್ತದೆ. ಅರ್ಥವೇ ಬದಲಾಗುವುದು ಅಕ್ಷರ ಮತ್ತು ಸಂಖ್ಯೆಗಳಲ್ಲಿ. ಜಯನಗರ ಎಂಬ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದರೆ ಅದರಲ್ಲಿ ಮೊದಲ ಸ್ವರಾಕ್ಷರ ನಾಲ್ಕು ಸಲ ಬರುತ್ತದೆ. ಅದರ ಇಂಗ್ಲಿಷ್ ಹೆಸರು ‘ಏ’. ಆದರೆ ಜರ್ಮನ್‌ನಲ್ಲಿ ‘ಏ’ ಎಂಬುದು ಐದನೆಯ ಅಕ್ಷರದ ಹೆಸರು, ಮೊದಲನೆಯದು ‘ಆ’. ಇಂಗ್ಲಿಷ್ ರೂಢಿಯಂತೆ ಹೇಳಿದರೆ ಜರ್ಮನ್ ಕಿವಿಗೆ ನಾಲ್ಕು ಕಡೆಯೂ ಬೇರೆಯೇ ಅಕ್ಷರ ಕೇಳಿಸುತ್ತದೆ. ಸರಿಯಾದ ಕ್ರಮ: ಯೋಟ್, ಆ, ಯುಪ್ಸಿಲೊನ್, ಆ, ಎನ್, ಆ, ಗೇ, ಆ, ಎರ್. ಕನ್ನಡ ವರ್ಣಮಾಲೆಯ ‘ಅ, ಆ’ ಅಭ್ಯಾಸವೇ ಇಲ್ಲಿ ಹೆಚ್ಚು ನೆರವಿಗೆ ಬರುತ್ತದೆ.

ಸಂಖ್ಯೆಯಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಒಂದೇ ಕಡೆ ನಿಲ್ಲುತ್ತವೆ. ಮೂವತ್ತನಾಲ್ಕು ಎಂಬಲ್ಲಿ ಹತ್ತರ ಸ್ಥಾನ ಮೊದಲು. ‘ಫೀರ್-ಉಂಟ್-ಡ್ರೈಸಿಶ್’ ಎಂಬಲ್ಲಿ ಬಿಡಿ ಸ್ಥಾನ ಮೊದಲು, ಅಂದರೆ ‘ನಾಲ್ಕು ಮತ್ತು ಮೂವತ್ತು’. ಕ್ರಮ ತಪ್ಪಿದರೆ ವಯಸ್ಸು ನಲವತ್ತಮೂರಾಗುತ್ತದೆ. ದೂರವಾಣಿ ಸಂಖ್ಯೆಯನ್ನು ಒಂದೊಂದೇ ಅಂಕಿಯಾಗಿ ಹೇಳಿ ಇದನ್ನು ತಪ್ಪಿಸಬಹುದು. ವಯಸ್ಸಿಗೆ ಆ ದಾರಿಯಿಲ್ಲ.

ಹೀಗೆ ಎಲ್ಲ ದೋಷಗಳನ್ನೂ ‘ಮಾತೃಭಾಷೆಯ ಪ್ರಭಾವ’ ಎಂಬ ಒಂದೇ ಹೆಸರಿನಡಿ ಸೇರಿಸಲಾಗದು. ಉದ್ಯೋಗ ಮತ್ತು ಅಕ್ಷರಗಳಲ್ಲಿ ಕನ್ನಡ ಜರ್ಮನ್‌ಗೆ ಹತ್ತಿರವಿದೆ, ದೂರ ಒಯ್ಯುವುದು ಇಂಗ್ಲಿಷ್. ಒಡೆತನದ ವಾಕ್ಯದಲ್ಲಿ, ಪದಕ್ರಮದಲ್ಲಿ, ಸಂಖ್ಯೆಯಲ್ಲಿ ಎರಡೂ ಭಾಷೆಗಳು ಕೈಬಿಡುತ್ತವೆ. ಅಭ್ಯಾಸದ ಹೆಚ್ಚಿನ ಸಮಯ ಸಲ್ಲಬೇಕಾದದ್ದು ಈ ಎರಡನೆಯ ಗುಂಪಿಗೆ. ಮೊದಲನೆಯದಕ್ಕೆ ‘ನಾನು ಶಿಕ್ಷಕಿ’ ಎಂಬ ವಾಕ್ಯವನ್ನು ನೆನಪಿಸಿದರೆ ಬಹುಮಟ್ಟಿಗೆ ಸಾಕು.